ಮೊದಲ ಕಾಲಂಗೆ ಮಾತ್ರ ಅಂಟುವ ಕಾಣದ ಅಕ್ಷರ: ಮೂರು ಬೈಟುಗಳ ಹಿನ್ನೆಲೆ

ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಯಲ್ಲಿ ದಿನಾ ಗೂಡು ಕೊಳ್ಳುವ ರೀಲರ್ ಒಬ್ಬರಿಗೆ ನಾನೊಂದು ಸಣ್ಣ ಪೈಥಾನ್ ಸ್ಕ್ರಿಪ್ಟ್ ಬರೆದುಕೊಟ್ಟಿದ್ದೆ. ಅವರ ಹುಡುಗ ಎಕ್ಸೆಲ್‌ನಲ್ಲಿ ಲಾಟು, ರೈತ, ತೂಕ, ದರ ಬರೆದು ಸಿಎಸ್‌ವಿ ಫೈಲ್ ಮಾಡಿ ಕಳಿಸುತ್ತಾನೆ. ಸ್ಕ್ರಿಪ್ಟು ಲಾಟಿನ ಪ್ರಕಾರ ಲೆಕ್ಕ ಹಾಕಿ ಆ ದಿನದ ಮೊತ್ತ ಕೊಡುತ್ತದೆ. ಹೆಡಿಂಗುಗಳು ಇಂಗ್ಲಿಷಿನಲ್ಲಿ ಇರುವವರೆಗೆ ಎಲ್ಲವೂ ಸರಿಯಾಗಿಯೇ ನಡೆಯಿತು. ಬಿಲ್ಲು ಓದುವ ರೈತರಿಗೆ ಅನುಕೂಲವಾಗಲಿ ಎಂದು ಒಂದು ವಾರ ಹೆಡಿಂಗು, ಹೆಸರು ಎಲ್ಲವನ್ನೂ ಕನ್ನಡಕ್ಕೆ ತಂದೆವು. ಮಾರನೆಯ ದಿನ ಫೋನು ಬಂತು: ‘ಸಾರ್, ಮೂರು ಲಾಟು ತಗೊಂಡಿದೀವಿ, ಒಂದೇ ಲಾಟಿನ ದುಡ್ಡು ತೋರಿಸ್ತಾ ಇದೆಯಲ್ಲ?’

ಆ ದಿನದ ಫೈಲನ್ನು ಚಿಕ್ಕದು ಮಾಡಿ, ಹೆಸರು ಬದಲಿಸಿ ಇಲ್ಲಿ ಕೊಡುತ್ತೇನೆ.

```
ಲಾಟು,ರೈತ,ತೂಕ,ದರ
211,ರಾಜ್‌ಕುಮಾರ್,48,510
212,ಲಕ್ಷ್ಮಮ್ಮ,62,480
213,ಮುನಿಯಪ್ಪ,55,530
```

24,480, 29,760 ಮತ್ತು 29,150 ಸೇರಿ 83,390 ರೂಪಾಯಿ ಆಗಬೇಕಿತ್ತು. ಸ್ಕ್ರಿಪ್ಟು ತೋರಿಸಿದ್ದು 29,150, ಅಂದರೆ ಕೊನೆಯ ಲಾಟು ಮಾತ್ರ. ತಪ್ಪಿನ ಸೂಚನೆ ಒಂದೂ ಇಲ್ಲ. ಲಾಟು ನಂಬರನ್ನು ನಾನು `row.get("ಲಾಟು")` ಎಂದು ಕೇಳಿದ್ದೆ. ಆ ಹೆಸರಿನ ಕಾಲಂ ಸಿಗದಿದ್ದರೆ `get` ಗಲಾಟೆ ಮಾಡದೆ `None` ಕೊಟ್ಟುಬಿಡುತ್ತದೆ. ಮೂರೂ ಲಾಟುಗಳ ಲೆಕ್ಕ ಅದೇ `None` ಹೆಸರಿನಲ್ಲಿ ಒಂದರ ಮೇಲೊಂದು ಬರೆದುಕೊಂಡು ಕೊನೆಯದು ಉಳಿದಿತ್ತು. `row["ಲಾಟು"]` ಎಂದು ಬರೆದಿದ್ದರೆ ಮೊದಲ ಸಾಲಿನಲ್ಲೇ `KeyError` ಬಂದು ನಿಲ್ಲುತ್ತಿತ್ತು. ನಾಜೂಕು ಮಾಡಲು ಹೋಗಿ ನಾನೇ ತೋಡಿಕೊಂಡ ಹಳ್ಳ ಅದು.

ಮೊದಲಿಗೆ ಕಾಗುಣಿತದ ಮೇಲೆ ಅನುಮಾನ ಬಂತು. ಹುಡುಗ ‘ಲಾಟ್’ ಎಂದು ಬರೆದಿರಬಹುದು ಅಂದುಕೊಂಡೆ. ಬರೆದಿರಲಿಲ್ಲ. ಹಿಂದೆಮುಂದೆ ಖಾಲಿ ಜಾಗ ಇರಬಹುದೆಂದು ಪ್ರತಿ ಹೆಸರಿಗೂ `strip()` ಹಾಕಿದೆ. ಅದಕ್ಕೂ ಜಗ್ಗಲಿಲ್ಲ. ವಿಚಿತ್ರವೆಂದರೆ ರೈತ, ತೂಕ, ದರ ಮೂರೂ ಸರಿಯಾಗಿ ಸಿಗುತ್ತಿದ್ದವು. ಮೊದಲ ಕಾಲಂ ಒಂದೇ ಕೈಕೊಡುತ್ತಿತ್ತು. ಈಗ ನೆನೆಸಿಕೊಂಡರೆ ರೋಗದ ಲಕ್ಷಣವೇ ಅದು. ಹೆಡಿಂಗುಗಳ ಪಟ್ಟಿಯನ್ನು `print(list(row))` ಎಂದು ತೋರಿಸಿದಾಗ ಸಿಕ್ಕಿಬಿತ್ತು: `'\ufeffಲಾಟು'`. ಬರೀ `print` ಮಾಡಿದರೆ ಕಣ್ಣಿಗೆ ಕಾಣದ ಒಂದು ಅಕ್ಷರ ‘ಲಾಟು’ವಿನ ಮುಂದೆ ಕುಳಿತಿತ್ತು. `len("ಲಾಟು")` ನಾಲ್ಕು ಆಗಬೇಕು. ಫೈಲಿನಿಂದ ಬಂದ ಹೆಸರಿನ ಉದ್ದ ಐದು.

ಈ ಅಕ್ಷರಕ್ಕೆ ಬೈಟ್ ಆರ್ಡರ್ ಮಾರ್ಕ್ ಎಂದು ಹೆಸರು, ಆಡುಮಾತಿನಲ್ಲಿ ‘ಬಾಮ್’. ಹುಟ್ಟಿದಾಗ ಅದಕ್ಕೊಂದು ನ್ಯಾಯವಾದ ಕೆಲಸವಿತ್ತು. 1991ರಲ್ಲಿ ಯೂನಿಕೋಡ್‌ನ ಮೊದಲ ಆವೃತ್ತಿ ಬಂದಾಗ ಪ್ರತಿ ಅಕ್ಷರಕ್ಕೂ 16 ಬಿಟ್, ಅಂದರೆ ಎರಡು ಬೈಟು, ಸಾಕೆಂಬ ಲೆಕ್ಕಾಚಾರವಿತ್ತು. ನಮ್ಮ ‘ಕ’ದ ಸಂಖ್ಯೆ 0C95. ಕೆಲವು ಯಂತ್ರಗಳು ಅದನ್ನು 0C, 95 ಎಂದು ಬರೆಯುತ್ತವೆ, ಇನ್ನು ಕೆಲವು 95, 0C ಎಂದು ತಿರುಗಿಸಿ ಬರೆಯುತ್ತವೆ. ಒಂದು ಬರೆದದ್ದನ್ನು ಇನ್ನೊಂದು ತನ್ನ ರೂಢಿಯಂತೆ ಓದಿದರೆ 950C ಆಗುತ್ತದೆ, ಅದೊಂದು ಚೀನೀ ಅಕ್ಷರ. ಹಾಗಾಗಿ ಫೈಲಿನ ಆರಂಭದಲ್ಲಿ FEFF ಎಂಬ ಗುರುತು ಹಾಕುವುದೆಂದಾಯಿತು. ಅದನ್ನು ತಿರುಗಿಸಿದರೆ ಬರುವ FFFE ಯಾವ ಅಕ್ಷರವೂ ಅಲ್ಲ, ಮುಂದೆಂದೂ ಆಗಕೂಡದೆಂದು ಬೇಕೆಂದೇ ತೆಗೆದಿಟ್ಟದ್ದು. ಓದುವವನಿಗೆ FFFE ಕಂಡರೆ ಬೈಟುಗಳು ಅದಲುಬದಲಾಗಿವೆ ಎಂದರ್ಥ. ಗುರುತು ಅಕಸ್ಮಾತ್ ಪಠ್ಯದಲ್ಲಿ ಉಳಿದರೂ ಕಣ್ಣಿಗೆ ಬೀಳದಿರಲಿ ಎಂದು ಆ ಸಂಖ್ಯೆಗೆ ಅಗಲವಿಲ್ಲದ, ಸಾಲು ಮುರಿಯಬಿಡದ ಜಾಗ ಎಂಬ ಅರ್ಥ ಕೊಟ್ಟಿದ್ದರು. ಅದು ಕಾಣದೇ ಇರುವುದಕ್ಕೆ ಇದೇ ಕಾರಣ. ಹೆಸರಿನಲ್ಲಿ ‘ಜಾಗ’ ಇದ್ದರೂ ಯೂನಿಕೋಡ್ ವರ್ಗೀಕರಣದಲ್ಲಿ ಅದು ಖಾಲಿ ಜಾಗಗಳ ಗುಂಪಿಗೆ ಸೇರುವುದಿಲ್ಲ. ಪೈಥಾನ್‌ನ `strip()` ಅದನ್ನು ಮುಟ್ಟದಿರುವುದು ಅದಕ್ಕೇ. ಜಾವಾಸ್ಕ್ರಿಪ್ಟ್‌ನ `trim()` ಮಾತ್ರ ಅದನ್ನೂ ಜಾಗವೆಂದೇ ಎಣಿಸಿ ಕಿತ್ತುಹಾಕುತ್ತದೆ. ಒಂದೇ ಫೈಲು ವೆಬ್ ಪುಟದಲ್ಲಿ ಸರಿ ಹೋಗಿ ಪೈಥಾನ್‌ನಲ್ಲಿ ಕೆಡುವುದುಂಟು.

1992ರ ಸೆಪ್ಟೆಂಬರಿನಲ್ಲಿ ಕೆನ್ ಥಾಂಪ್ಸನ್ ಮತ್ತು ರಾಬ್ ಪೈಕ್ ನ್ಯೂಜೆರ್ಸಿಯ ಒಂದು ಹೋಟೆಲಿನಲ್ಲಿ ಊಟಕ್ಕೆ ಕುಳಿತಲ್ಲೇ ಯುಟಿಎಫ್-8ರ ರೂಪ ನಿಶ್ಚಯಿಸಿದರು. ಅದರಲ್ಲಿ ಬೈಟುಗಳು ಒಂದೊಂದಾಗಿ, ಒಂದೇ ಕ್ರಮದಲ್ಲಿ ಬರುತ್ತವೆ. ಹಿಂದುಮುಂದಾಗುವ ಪ್ರಶ್ನೆಯೇ ಇಲ್ಲದ ಮೇಲೆ ಕ್ರಮದ ಗುರುತು ಯಾಕೆ ಬೇಕು? ಬೇಕಿರಲಿಲ್ಲ. ಆದರೆ ಹಳೆಯ 16 ಬಿಟ್ ಫೈಲನ್ನು ಯುಟಿಎಫ್-8ಕ್ಕೆ ಬದಲಿಸುವಾಗ FEFF ಕೂಡ ಎಲ್ಲ ಅಕ್ಷರಗಳಂತೆ ಬದಲಾಗಿ EF BB BF ಎಂಬ ಮೂರು ಬೈಟಾಗುತ್ತದೆ. ವಿಂಡೋಸ್ ಇದನ್ನು ಬೇರೆ ಕೆಲಸಕ್ಕೆ ಹಚ್ಚಿತು. ವಿಂಡೋಸ್ ಕಂಪ್ಯೂಟರುಗಳಲ್ಲಿ ಹಳೆಯ ಸಂಕೇತ ಪದ್ಧತಿಯ ಫೈಲುಗಳು ರಾಶಿ ಬಿದ್ದಿದ್ದವು. ಯಾವುದು ಹಳೆಯದು, ಯಾವುದು ಯುಟಿಎಫ್-8 ಎಂದು ನೋಡಿದ ಕೂಡಲೇ ತಿಳಿಯಲು ಈ ಮೂರು ಬೈಟು ಮೊಹರಿನಂತೆ ಒದಗಿದವು. ಯೂನಿಕ್ಸ್ ಮಂದಿಗೆ ಇದು ಹಿಡಿಸಲೇ ಇಲ್ಲ. ಅಲ್ಲಿ ಸ್ಕ್ರಿಪ್ಟಿನ ಮೊದಲ ಎರಡು ಅಕ್ಷರ `#!` ಆಗಿರಬೇಕು, ಅದಕ್ಕಿಂತ ಮೊದಲು ಏನಿದ್ದರೂ ಕೆಲಸ ಕೆಡುತ್ತದೆ. ಯುಟಿಎಫ್-8ಕ್ಕೆ ಈ ಗುರುತು ಬೇಕಾಗಿಯೂ ಇಲ್ಲ, ಹಾಕಿರೆಂದು ಶಿಫಾರಸೂ ಇಲ್ಲ ಎನ್ನುತ್ತದೆ ಯೂನಿಕೋಡ್. ಹಾಕಬಾರದು ಎಂದೂ ಹೇಳುವುದಿಲ್ಲ. 2005ರಲ್ಲಿ ಸಿಎಸ್‌ವಿಗೆಂದು ಬಂದ ಆರ್‌ಎಫ್‌ಸಿ 4180ರಲ್ಲಂತೂ ಇದರ ಪ್ರಸ್ತಾಪವೇ ಇಲ್ಲ. ಹೀಗಾಗಿ ಬರೆಯುವ ತಂತ್ರಾಂಶ ಅದನ್ನು ಹಾಕುತ್ತದೆ, ಓದುವ ತಂತ್ರಾಂಶಕ್ಕೆ ಅದರ ಗೊಡವೆ ಗೊತ್ತಿಲ್ಲ.

ಇಂಗ್ಲಿಷಿನಲ್ಲಿ ಕೆಲಸ ಮಾಡುವವರು ಈ ಜಗಳವನ್ನು ನೋಡದೆಯೇ ಜೀವನ ಸಾಗಿಸಬಹುದು, ನಮಗೆ ಆ ಪುಣ್ಯವಿಲ್ಲ. ಎಕ್ಸೆಲ್‌ನ ಮಾಮೂಲಿ `CSV` ಆಯ್ದುಕೊಂಡು ಕನ್ನಡವನ್ನು ಉಳಿಸಿದರೆ ಅಕ್ಷರಗಳ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಉಳಿಯುತ್ತವೆ, ಹೋದದ್ದು ಹೋಯಿತು. ನಮ್ಮ ಹುಡುಗನಿಗೂ ಮೊದಲ ದಿನ ಆದದ್ದು ಅದೇ. ಆಮೇಲೆ ಯಾರನ್ನೋ ಕೇಳಿ `CSV UTF-8 (Comma delimited)` ಆಯ್ದುಕೊಂಡ. ಅದು ಕನ್ನಡವನ್ನು ಉಳಿಸಿತು, ಜೊತೆಗೆ ಮೂರು ಬೈಟನ್ನೂ ಸೇರಿಸಿತು. ಇಂಗ್ಲಿಷ್ ಹೆಡಿಂಗಿನ ಕಾಲದಲ್ಲಿ ಅವನು ಮಾಮೂಲಿ `CSV` ಬಳಸುತ್ತಿದ್ದುದರಿಂದ ನನಗೆ ಬಾಮ್ ಎದುರಾಗಿರಲೇ ಇಲ್ಲ.

ಅನುಮಾನ ಬಂದಾಗ ಫೈಲಿನ ಮೊದಲ ಬೈಟುಗಳನ್ನು ನೋಡಿಬಿಡುವುದು ವಾಸಿ. ಆ ದಿನದ ಫೈಲು ಹೀಗಿತ್ತು:

```
$ head -c 16 lot.csv | xxd
00000000: efbb bfe0 b2b2 e0b2 bee0 b29f e0b3 812c  ...............,
```

ಮೊದಲ ಮೂರು ಬೈಟು ಬಾಮ್. ಆಮೇಲೆ ಮೂರು ಮೂರರಂತೆ ಲ, ಆ-ಕಾರ, ಟ, ಉ-ಕಾರ, ಕೊನೆಗೆ 2c ಅಲ್ಪವಿರಾಮ. ಪೈಥಾನ್‌ನಲ್ಲಿ ಇದಕ್ಕೆಂದೇ `utf-8-sig` ಎಂಬ ಓದುಗ ಇದೆ, 2006ರ 2.5 ಆವೃತ್ತಿಯಿಂದಲೂ ಇದೆ. ಬಾಮ್ ಇದ್ದರೆ ತೆಗೆಯುತ್ತದೆ, ಇಲ್ಲದಿದ್ದರೆ ಸುಮ್ಮನಿರುತ್ತದೆ.

```python
import csv

with open("lot.csv", encoding="utf-8-sig", newline="") as f:
    for row in csv.DictReader(f):
        lot = row["ಲಾಟು"]
```

ತೆಗೆಯುವುದು ಸಿಎಸ್‌ವಿ ಓದುವ ಮೊದಲೇ ಆಗಬೇಕು, ಓದಿಯಾದ ಮೇಲೆ ಹೆಡಿಂಗಿನಿಂದ ಕಿತ್ತುಹಾಕುತ್ತೇನೆ ಎಂದರೆ ಒಂದು ತೊಡಕಿದೆ. ಕೆಲವು ತಂತ್ರಾಂಶಗಳು ಹೆಡಿಂಗುಗಳನ್ನು `"ಲಾಟು"` ಎಂದು ಉದ್ಧರಣ ಚಿಹ್ನೆಯೊಳಗೆ ಇಡುತ್ತವೆ. ಚಿಹ್ನೆ ಮೊದಲ ಅಕ್ಷರವಾಗಿದ್ದರಷ್ಟೇ ಓದುಗ ಅದನ್ನು ಚಿಹ್ನೆಯೆಂದು ಗುರುತಿಸುತ್ತದೆ. ಮುಂದೆ ಬಾಮ್ ಇದ್ದರೆ ಚಿಹ್ನೆ ಹೆಸರಿನದೇ ಭಾಗವಾಗಿಬಿಡುತ್ತದೆ. ಆಗ ಬಾಮ್ ಕಿತ್ತರೂ ಉದ್ಧರಣ ಚಿಹ್ನೆಗಳು ಉಳಿದೇ ಉಳಿಯುತ್ತವೆ. ಆ ಮೊದಲ ಹೆಡಿಂಗಿನ ಒಳಗೆ ಅಲ್ಪವಿರಾಮ ಇದ್ದರಂತೂ ಒಂದು ಹೆಡಿಂಗು ಎರಡಾಗಿ ಒಡೆದು ಮುಂದಿನ ಕಾಲಂಗಳೆಲ್ಲ ಒಂದೊಂದು ಮನೆ ಜರುಗುತ್ತವೆ.

`utf-8-sig` ನೋಡುವುದು ಫೈಲಿನ ಆರಂಭವನ್ನು ಮಾತ್ರ. ವಾರದ ಲೆಕ್ಕಕ್ಕೆಂದು ನಾನು ಆರು ದಿನದ ಫೈಲುಗಳನ್ನು `cat` ಮಾಡಿ ಒಂದಾಗಿಸಿದ್ದೆ. ನಡುವೆ ಬರುವ ಹೆಡಿಂಗ್ ಸಾಲನ್ನು ಬಿಟ್ಟುಬಿಡಲು ‘ಲಾಟು ಕಾಲಂನಲ್ಲಿ ಲಾಟು ಎಂದೇ ಇದ್ದರೆ ದಾಟು’ ಎಂದು ಬರೆದಿದ್ದೆ. ಎರಡನೆಯ ಫೈಲಿನ ಬಾಮ್ ಈಗ ನಡುವಿಗೆ ಬಂದಿತ್ತು, ಹೋಲಿಕೆ ತಪ್ಪಿತು, ‘ತೂಕ’ ಎಂಬ ಪದವನ್ನು ಸಂಖ್ಯೆಯಾಗಿಸಲು ಹೋಗಿ ಸ್ಕ್ರಿಪ್ಟು ಬಿತ್ತು. ಒಂದೊಂದೇ ಫೈಲನ್ನು ತೆರೆದು ಓದಿ ಆಮೇಲೆ ಸೇರಿಸುವುದೇ ಸರಿ.

ಕಾಣದ ಅಕ್ಷರಗಳನ್ನೆಲ್ಲ ಒಟ್ಟಿಗೆ ಗುಡಿಸಿಬಿಡೋಣ ಎಂಬ ಆಸೆ ಈ ಹಂತದಲ್ಲಿ ಬರುತ್ತದೆ, ನನಗೂ ಬಂದಿತ್ತು. ಕನ್ನಡಕ್ಕೆ ಅದು ಅಪಾಯ. ‘ರಾಜ್‌ಕುಮಾರ್’ ಎಂಬಲ್ಲಿ ಜ್ ಮತ್ತು ಕು ನಡುವೆ `U+200C` ಎಂಬ ಕಾಣದ ಅಕ್ಷರ ಇದೆ. ಅದೂ ಬಾಮ್ ಇರುವ ವರ್ಗದ್ದೇ. ಕಿತ್ತರೆ ರೈತನ ಹೆಸರು ಬಿಲ್ಲಿನಲ್ಲಿ ‘ರಾಜ್ಕುಮಾರ್’ ಆಗುತ್ತದೆ. ‘ರ‍್ಯಾಲಿ’ಯ ರ ನಿಂತಿರುವುದು ಅಂಥದ್ದೇ ಇನ್ನೊಂದರ ಬಲದಿಂದ. ಆದ್ದರಿಂದ ತೆಗೆಯಬೇಕಾದ್ದು `U+FEFF` ಒಂದನ್ನೇ, ಅದೂ ಫೈಲಿನ ಆರಂಭದಲ್ಲಿ. ಇನ್ನು ಎಕ್ಸೆಲ್‌ನಲ್ಲಿ `Unicode Text` ಆಯ್ದು ಉಳಿಸಿದ ಫೈಲು ಬಂದರೆ ಮೊದಲ ಎರಡು ಬೈಟು FF FE ಇರುತ್ತದೆ. ಅಲ್ಲಿ ಗುರುತು ತನ್ನ ಹುಟ್ಟುಕೆಲಸವನ್ನೇ ಮಾಡುತ್ತಿದೆ. ಅದನ್ನು ಕತ್ತರಿಸದೆ `encoding="utf-16"` ಎಂದು ತೆರೆದರೆ ಓದುಗ ಕ್ರಮ ತಿಳಿದುಕೊಂಡು ಗುರುತನ್ನು ತಾನೇ ಬಿಡುತ್ತದೆ.

ನೋಟ್‌ಪ್ಯಾಡ್ ವಿಂಡೋಸ್ 10ರ 2019ರ ಆವೃತ್ತಿಯಲ್ಲಿ ಬಾಮ್ ಇಲ್ಲದ ಯುಟಿಎಫ್-8ಕ್ಕೆ ಬಂತು. ಎಕ್ಸೆಲ್‌ನ `CSV UTF-8` ಆಯ್ಕೆ ಇಂದಿಗೂ ಬಾಮ್ ಹಾಕಿಯೇ ಬರೆಯುತ್ತದೆ. ಹಾಕಬೇಡ ಎಂದು ಹುಡುಗನಿಗೆ ಹೇಳಲು ನನಗೆ ಬಾಯಿ ಬರಲಿಲ್ಲ. ಲೆಕ್ಕ ಸರಿಮಾಡಿದ ದಿನ ನಾನು ಫಲಿತಾಂಶದ ಫೈಲನ್ನು ಶುದ್ಧವಾಗಿ, ಬಾಮ್ ಇಲ್ಲದೆ ಕಳಿಸಿದ್ದೆ. ಅವನು ಅದರ ಮೇಲೆ ಎರಡು ಸಲ ಒತ್ತಿ ಎಕ್ಸೆಲ್‌ನಲ್ಲಿ ತೆರೆದ, ಲ ಇದ್ದಲ್ಲೆಲ್ಲ `à²²` ಎಂದು ಬಂತು. ಈಗ ನನ್ನ ಸ್ಕ್ರಿಪ್ಟು ಓದುವಾಗಲೂ `utf-8-sig`, ಬರೆಯುವಾಗಲೂ `utf-8-sig`.