ಯೆನ್ ಕ್ಯಾರಿ ಟ್ರೇಡ್ ಮತ್ತು 2024ರ ಆಗಸ್ಟ್ 5

ಕಡಿಮೆ ಬಡ್ಡಿಯ ದೇಶದ ಕರೆನ್ಸಿಯಲ್ಲಿ ಸಾಲ ಮಾಡಿ, ಹೆಚ್ಚು ಬಡ್ಡಿ ಸಿಗುವ ದೇಶದ ಕರೆನ್ಸಿಯಲ್ಲಿ ಅದನ್ನು ತೊಡಗಿಸಿ, ನಡುವಿನ ಅಂತರವನ್ನು ಲಾಭವಾಗಿ ಉಳಿಸಿಕೊಳ್ಳುವ ವ್ಯವಹಾರವೇ ಕ್ಯಾರಿ ಟ್ರೇಡ್. ಪಠ್ಯಪುಸ್ತಕದಲ್ಲಿ ಈ ವಿಷಯ ಎರಡು ಸಾಲಿನಲ್ಲಿ ಮುಗಿದುಹೋಗುತ್ತದೆ. ಆದರೆ ಇಂಥ ಬಂಡವಾಳ ವರ್ಷಗಟ್ಟಲೆ ನಿಧಾನವಾಗಿ ಸೇರಿಕೊಂಡು ನಾಲ್ಕೈದು ದಿನಗಳಲ್ಲಿ ಏಕೆ ಓಡಿಹೋಗುತ್ತದೆ ಎಂಬುದು ಆ ಎರಡು ಸಾಲಿನಿಂದ ತಿಳಿಯುವುದಿಲ್ಲ. ಅದಕ್ಕಾಗಿ ಜಪಾನಿನ ಯೆನ್ ಪ್ರಕರಣವನ್ನೇ ಲೆಕ್ಕ ಹಾಕುತ್ತಾ ನೋಡೋಣ.

ಬ್ಯಾಂಕ್ ಆಫ್ ಜಪಾನ್ 2016ರಿಂದ ತನ್ನ ನೀತಿ ದರವನ್ನು ಸೊನ್ನೆಗಿಂತಲೂ ಕೆಳಗೆ, ಶೇ. -0.1ರಲ್ಲಿ ಇರಿಸಿತ್ತು, 2024ರ ಮಾರ್ಚ್‌ನಲ್ಲಿ ಅದನ್ನು ಕೈಬಿಟ್ಟರೂ ದರ ಸೊನ್ನೆಯ ಆಸುಪಾಸಿನಲ್ಲೇ ಉಳಿಯಿತು. ಅದೇ ಹೊತ್ತಿಗೆ ಅಮೆರಿಕದ ಫೆಡರಲ್ ರಿಸರ್ವ್ ಹಣದುಬ್ಬರವನ್ನು ತಡೆಯಲು ತನ್ನ ದರವನ್ನು ಶೇ. 5.25–5.50ರ ಮಟ್ಟಕ್ಕೆ ಏರಿಸಿ ಅಲ್ಲಿಯೇ ನಿಲ್ಲಿಸಿತ್ತು. ಜಗತ್ತಿನ ಎರಡು ದೊಡ್ಡ ಕರೆನ್ಸಿಗಳ ನಡುವೆ ಸುಮಾರು ಐದು ಶೇಕಡಾ ಅಂತರ ಬಿದ್ದಾಗ, ಯೆನ್‌ನಲ್ಲಿ ಸಾಲ ಎತ್ತುವವರು ಸಾಲುಗಟ್ಟಿ ಬಂದರು.

ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. 2024ರ ಜುಲೈ ಆರಂಭದಲ್ಲಿ, ಒಂದು ಡಾಲರ್‌ಗೆ 160 ಯೆನ್ ಇರುವಾಗ, ಒಬ್ಬ ಹೂಡಿಕೆದಾರ 16 ಕೋಟಿ ಯೆನ್ ಸಾಲ ಪಡೆದು 10 ಲಕ್ಷ ಡಾಲರ್ ಮಾಡಿಕೊಳ್ಳುತ್ತಾನೆ. ಸಾಲಕ್ಕೆ ವರ್ಷಕ್ಕೆ ಶೇ. 0.5 ಬಡ್ಡಿ, ಡಾಲರ್ ಹೂಡಿಕೆಗೆ ಶೇ. 5.3 ಆದಾಯ ಎಂದಿಟ್ಟುಕೊಳ್ಳಿ. ವರ್ಷದ ಕೊನೆಗೆ ಅವನ ಕೈಯಲ್ಲಿ 10.53 ಲಕ್ಷ ಡಾಲರ್ ಇರುತ್ತದೆ, ಅವನು ತೀರಿಸಬೇಕಾದದ್ದು 16.08 ಕೋಟಿ ಯೆನ್. ವಿನಿಮಯ ದರ 160ರಲ್ಲೇ ಇದ್ದರೆ ಸಾಲ ತೀರಿಸಿದ ಮೇಲೂ ಸುಮಾರು 48 ಸಾವಿರ ಡಾಲರ್ ಉಳಿಯುತ್ತದೆ. ಲಾಭ ಎಲ್ಲಿ ಸೊನ್ನೆಯಾಗುತ್ತದೆ? 16.08 ಕೋಟಿಯನ್ನು 10.53 ಲಕ್ಷದಿಂದ ಭಾಗಿಸಿದರೆ ಸುಮಾರು 152.7 ಬರುತ್ತದೆ. ಡಾಲರ್ ಅಷ್ಟು ಯೆನ್‌ಗೆ ಇಳಿದರೆ, ಅಂದರೆ ಯೆನ್ ಅಷ್ಟರ ಮಟ್ಟಿಗೆ ಬಲಗೊಂಡರೆ, ಇಡೀ ವರ್ಷದ ಬಡ್ಡಿ ಅಂತರ ಕರಗಿಹೋಗುತ್ತದೆ. (ಈ ದರದಲ್ಲಿ ಸಂಖ್ಯೆ ಇಳಿದಷ್ಟೂ ಯೆನ್ ಬಲವಾಗುತ್ತದೆ ಎಂಬುದನ್ನು ಮರೆಯಬಾರದು, ಹೊಸಬರು ಎಡವುವುದು ಇಲ್ಲಿಯೇ.)

ಈ 152.7ರ ಮೇಲೆ ಸ್ವಲ್ಪ ಹೊತ್ತು ನಿಲ್ಲಬೇಕು. ವಿನಿಮಯ ದರದ ಭಯವಿದ್ದರೆ, ಒಂದು ವರ್ಷದ ನಂತರ ಡಾಲರ್ ಮಾರಿ ಯೆನ್ ಕೊಳ್ಳುವ ದರವನ್ನು ಬ್ಯಾಂಕಿನ ಜೊತೆ ಇಂದೇ ಫಾರ್ವರ್ಡ್ ಒಪ್ಪಂದದಲ್ಲಿ ಗೊತ್ತುಮಾಡಿಕೊಳ್ಳಬಹುದಲ್ಲವೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಮಾಡಿಕೊಳ್ಳಬಹುದು, ಆದರೆ ಬ್ಯಾಂಕು ಕೊಡುವ ದರವೂ ಹೆಚ್ಚುಕಡಿಮೆ 152.7 ಆಗಿರುತ್ತದೆ. ಅದು 160ಕ್ಕೇ ಒಪ್ಪಿದ್ದರೆ ಯಾವ ಅಪಾಯವೂ ಇಲ್ಲದೆ ಲಾಭ ಸಿಗುತ್ತಿತ್ತು, ಎಲ್ಲರೂ ಅದಕ್ಕೆ ಮುಗಿಬೀಳುತ್ತಿದ್ದರು, ಆ ಒತ್ತಡದಿಂದಲೇ ಫಾರ್ವರ್ಡ್ ದರ ಇಳಿಯುತ್ತಿತ್ತು. ಹೀಗಾಗಿ ರಕ್ಷಣೆ ಪಡೆದವನಿಗೆ ಲಾಭವಿಲ್ಲ, ಲಾಭ ಬೇಕಾದವನಿಗೆ ರಕ್ಷಣೆಯಿಲ್ಲ. ಕ್ಯಾರಿ ಟ್ರೇಡ್ ಮಾಡುವವನು ನಿಜದಲ್ಲಿ ಪಣವಿಡುವುದು ಬಡ್ಡಿಯ ಮೇಲಲ್ಲ. ಫಾರ್ವರ್ಡ್ ದರ ಸೂಚಿಸುವ ಮಟ್ಟಕ್ಕೆ ಮಾರುಕಟ್ಟೆ ದರ ಇಳಿಯುವುದಿಲ್ಲ ಎಂಬ ನಂಬಿಕೆಯ ಮೇಲೆ. ಬಹಳ ಕಾಲ ಈ ನಂಬಿಕೆ ಫಲ ಕೊಡುತ್ತದೆ, ಏಕೆಂದರೆ ಯೆನ್ ಸಾಲ ಪಡೆದ ಪ್ರತಿಯೊಬ್ಬನೂ ಮೊದಲು ಯೆನ್ ಮಾರುತ್ತಾನೆ, ಆ ಮಾರಾಟದಿಂದ ಯೆನ್ ಮತ್ತಷ್ಟು ದುರ್ಬಲವಾಗುತ್ತದೆ, ಮೊದಲು ಬಂದವನಿಗೆ ಬಡ್ಡಿಯ ಜೊತೆಗೆ ವಿನಿಮಯದ ಲಾಭವೂ ಸೇರುತ್ತದೆ, ಅದನ್ನು ಕಂಡು ಇನ್ನಷ್ಟು ಜನ ಬರುತ್ತಾರೆ.

ಹಣ ಹೋಗಿ ಸೇರುವ ದೇಶದಲ್ಲಿಯೂ ಇದೇ ಸುತ್ತು ನಡೆಯುತ್ತದೆ. ಮೆಕ್ಸಿಕೋದ ಕೇಂದ್ರ ಬ್ಯಾಂಕು 2024ರ ಮಧ್ಯದಲ್ಲಿ ಶೇ. 11ರ ದರ ಇಟ್ಟಿದ್ದದ್ದು ಬೆಲೆಯೇರಿಕೆಯನ್ನು ತಡೆಯಲು. ಆದರೆ ಆ ದರವೇ ಅಲ್ಪಾವಧಿ ಹಣವನ್ನು ಸೆಳೆಯಿತು, ಆ ಹಣ ಪೆಸೊವನ್ನು ಬಲಪಡಿಸಿತು, ಬಲಗೊಂಡ ಪೆಸೊ ವ್ಯವಹಾರವನ್ನು ಇನ್ನಷ್ಟು ಆಕರ್ಷಕವಾಗಿಸಿತು. ಹೀಗೆ ಬಂದ ಹಣ ಕಾರ್ಖಾನೆ ಕಟ್ಟುವುದಿಲ್ಲ. ಒಂದು ಕ್ಲಿಕ್ಕಿನಲ್ಲಿ ಮಾರಬಹುದಾದ ಬಾಂಡು, ಬಿಲ್ಲುಗಳಲ್ಲಿ ಕುಳಿತಿರುತ್ತದೆ. ಅದು ಹೊರಡುವ ದಿನವನ್ನು ಹಲವು ಬಾರಿ ಗೊತ್ತುಮಾಡುವುದು ಮೆಕ್ಸಿಕೋದ ಸ್ಥಿತಿಯಲ್ಲ, ಸಾಲ ಹುಟ್ಟಿದ ದೇಶದ ಸ್ಥಿತಿ. ನನ್ನ ಮಟ್ಟಿಗೆ ಈ ವಿಷಯದಲ್ಲಿ ಅತ್ಯಂತ ಅನ್ಯಾಯವೆನಿಸುವ ಅಂಶ ಇದೇ.

ಈಗ ತಿರುವಿಗೆ ಬರೋಣ. 2024ರ ಜುಲೈ ಆರಂಭದಲ್ಲಿ ಡಾಲರ್ 162 ಯೆನ್‌ನ ಸಮೀಪ ಮುಟ್ಟಿತ್ತು. ಆ ತಿಂಗಳು ಜಪಾನ್ ಸರ್ಕಾರ ಮಾರುಕಟ್ಟೆಗೆ ಇಳಿದು 5.5 ಲಕ್ಷ ಕೋಟಿಗೂ ಹೆಚ್ಚು ಯೆನ್ ಕೊಂಡಿತು. ಜುಲೈ 31ರಂದು ಬ್ಯಾಂಕ್ ಆಫ್ ಜಪಾನ್ ದರವನ್ನು ಶೇ. 0.25ಕ್ಕೆ ಏರಿಸಿ, ಇನ್ನೂ ಏರಿಸುವ ಸೂಚನೆ ಕೊಟ್ಟಿತು. ಆಗಸ್ಟ್ 2ರಂದು ಬಂದ ಅಮೆರಿಕದ ಉದ್ಯೋಗ ವರದಿಯಲ್ಲಿ ನಿರುದ್ಯೋಗ ಶೇ. 4.3ಕ್ಕೆ ಏರಿದ್ದು ಕಂಡು, ಫೆಡರಲ್ ರಿಸರ್ವ್ ಬೇಗ ಬಡ್ಡಿ ಇಳಿಸಬೇಕಾಗುತ್ತದೆ ಎಂಬ ಎಣಿಕೆ ಬಲವಾಯಿತು. ಅಂತರ ಎರಡೂ ಕಡೆಯಿಂದ ಕಿರಿದಾಗುವ ಲಕ್ಷಣ ಒಂದೇ ವಾರದಲ್ಲಿ ಕಾಣಿಸಿತು. ಗಮನಿಸಬೇಕಾದದ್ದೆಂದರೆ, ಅಂತರ ಆಗಲೂ ಐದು ಶೇಕಡಾದ ಸನಿಹದಲ್ಲೇ ಇತ್ತು. ಬದಲಾದದ್ದು ವಿನಿಮಯ ದರದ ಬಗೆಗಿನ ನಂಬಿಕೆ ಮಾತ್ರ.

ನಮ್ಮ ಹೂಡಿಕೆದಾರನ ಲೆಕ್ಕವನ್ನು ಮುಂದುವರಿಸಿ. ಒಂದು ತಿಂಗಳಲ್ಲಿ ಅವನು ಗಳಿಸಿದ ಬಡ್ಡಿ ಸುಮಾರು 4,400 ಡಾಲರ್. ದರ 144ಕ್ಕೆ ಬಂದಾಗ ಅವನ ಯೆನ್ ಸಾಲ ಡಾಲರ್ ಲೆಕ್ಕದಲ್ಲಿ 11.11 ಲಕ್ಷ ದಾಟಿತು, ಕೈಯಲ್ಲಿದ್ದದ್ದು 10.04 ಲಕ್ಷ. ನಷ್ಟ ಒಂದು ಲಕ್ಷ ಡಾಲರ್‌ಗೂ ಹೆಚ್ಚು, ಅಂದರೆ ಎರಡು ವರ್ಷಗಳ ಬಡ್ಡಿ ಲಾಭಕ್ಕಿಂತ ಅಧಿಕ. ಅವನು ನಷ್ಟ ತುಂಬಲು ಸ್ವಂತದ್ದಾಗಿ ಒಂದು ಲಕ್ಷ ಡಾಲರ್ ಮಾತ್ರ ಭದ್ರತೆ, ಅಂದರೆ ಮಾರ್ಜಿನ್, ಇಟ್ಟಿದ್ದರೆ ಅದಿಷ್ಟೂ ಹೋಯಿತು. ಆದರೆ ಸಾಲ ಕೊಟ್ಟವರು ಅಲ್ಲಿಯವರೆಗೆ ಕಾಯುವುದಿಲ್ಲ. ದರ 152ಕ್ಕೆ ಬರುವಾಗಲೇ ಇನ್ನಷ್ಟು ಮಾರ್ಜಿನ್ ಕೇಳುತ್ತಾರೆ, ಕೊಡಲಾಗದಿದ್ದರೆ ಪೊಸಿಷನ್ ಮುಚ್ಚಿಸುತ್ತಾರೆ. ಮುಚ್ಚುವುದೆಂದರೆ ಯೆನ್ ಕೊಂಡು ಸಾಲ ತೀರಿಸುವುದು. ಹಾಗೆ ಕೊಂಡಾಗ ಯೆನ್ ಇನ್ನೂ ಬಲವಾಗಿ, ಮುಂದಿನವನ ಮಾರ್ಜಿನ್ ಕರಗಿ, ಅವನೂ ಕೊಳ್ಳಲೇಬೇಕಾಗುತ್ತದೆ. ಒಳಗೆ ಬರುವಾಗ ಪ್ರತಿಯೊಬ್ಬನೂ ತನಗೆ ಬೇಕಾದ ದಿನ ಬಂದಿರುತ್ತಾನೆ. ಹೊರಗೆ ಹೋಗುವ ದಿನ ಮಾತ್ರ ಎಲ್ಲರಿಗೂ ಒಂದೇ.

ಸಾಲ ತೀರಿಸಲು ಹಣ ಬೇಕು, ಅದಕ್ಕಾಗಿ ಲಾಭದಲ್ಲಿರುವ ಷೇರುಗಳನ್ನೂ ಮಾರುತ್ತಾರೆ. ಆಗಸ್ಟ್ 5ರ ಸೋಮವಾರ ಟೋಕಿಯೊದ ನಿಕ್ಕಿ ಸೂಚ್ಯಂಕ ಶೇ. 12.4 ಕುಸಿಯಿತು, 1987ರ ಅಕ್ಟೋಬರ್ ನಂತರ ಒಂದೇ ದಿನದಲ್ಲಿ ಅಷ್ಟು ಇಳಿದಿರಲಿಲ್ಲ. ಯೆನ್ ಬಲವಾದರೆ ಜಪಾನಿನ ರಫ್ತು ಕಂಪನಿಗಳ ವಿದೇಶಿ ಗಳಿಕೆ ಯೆನ್ ಲೆಕ್ಕದಲ್ಲಿ ಕುಗ್ಗುವುದರಿಂದ ಅಲ್ಲಿ ಪೆಟ್ಟು ಇಮ್ಮಡಿಯಾಯಿತು. ಮುಂಬೈಯಲ್ಲಿ ಸೆನ್ಸೆಕ್ಸ್ ಅದೇ ದಿನ 2,200ಕ್ಕೂ ಹೆಚ್ಚು ಅಂಶ ಇಳಿಯಿತು. ಆಗಸ್ಟ್ 7ರಂದು ಬ್ಯಾಂಕ್ ಆಫ್ ಜಪಾನ್‌ನ ಉಪ ಗವರ್ನರ್ ಶಿನಿಚಿ ಉಚಿದಾ, ಮಾರುಕಟ್ಟೆ ಅಸ್ಥಿರವಾಗಿರುವಾಗ ದರ ಏರಿಸುವುದಿಲ್ಲ ಎಂದು ಹೇಳಿದ ಮೇಲೆ ಒತ್ತಡ ಸಡಿಲಗೊಂಡಿತು.

ಇಂಥ ತಿರುವನ್ನು ಮೊದಲೇ ಗುರುತಿಸಬಹುದೇ? ದಿನ ಹೇಳಲಾಗದು, ಆದರೆ ಎಷ್ಟು ಜನ ಒಂದೇ ಕಡೆ ಕುಳಿತಿದ್ದಾರೆ ಎಂಬುದನ್ನು ಅಂದಾಜಿಸಬಹುದು. ಮುಂದಿನ ದಿನಾಂಕದ ಖರೀದಿ-ಮಾರಾಟದ ದರವನ್ನು ಇಂದೇ ಗೊತ್ತುಮಾಡಿ ವಿನಿಮಯ ಕೇಂದ್ರದಲ್ಲಿ ನಡೆಸುವ ಒಪ್ಪಂದಗಳೇ ಫ್ಯೂಚರ್ಸ್. ಅಮೆರಿಕದ ಫ್ಯೂಚರ್ಸ್ ನಿಯಂತ್ರಕ ಸಂಸ್ಥೆ ಪ್ರತಿ ವಾರ ಪ್ರಕಟಿಸುವ ವರದಿಯಲ್ಲಿ, 2024ರ ಜುಲೈ ಆರಂಭದಲ್ಲಿ ಸಟ್ಟಾ ವ್ಯಾಪಾರಿಗಳು ಯೆನ್ ವಿರುದ್ಧ ಹಿಡಿದಿದ್ದ ನಿವ್ವಳ ಒಪ್ಪಂದಗಳು ಸುಮಾರು 1.8 ಲಕ್ಷವಿದ್ದವು, ಒಂದೊಂದು ಒಪ್ಪಂದ 1.25 ಕೋಟಿ ಯೆನ್‌ನದು. ಆಗಸ್ಟ್ ಮಧ್ಯದ ಹೊತ್ತಿಗೆ ಅದೇ ವರದಿಯಲ್ಲಿ ಅವರು ಯೆನ್ ಪರವಾಗಿ ನಿಂತಿದ್ದರು. ಇನ್ನೊಂದು ಅಳತೆಯೆಂದರೆ ಬಡ್ಡಿ ಅಂತರವನ್ನು ವಿನಿಮಯ ದರದ ನಿರೀಕ್ಷಿತ ವಾರ್ಷಿಕ ಏರಿಳಿತದಿಂದ ಭಾಗಿಸುವುದು: ಅಂತರ 5, ಏರಿಳಿತ 10 ಇದ್ದರೆ 0.5. ಏರಿಳಿತ ತಗ್ಗಿದಾಗ ಈ ಅನುಪಾತ ಏರಿ ವ್ಯವಹಾರ ಸುರಕ್ಷಿತವೆಂದು ಕಾಣುತ್ತದೆ, ಆಗಲೇ ಹೆಚ್ಚು ಜನ ಹೆಚ್ಚು ಸಾಲದೊಡನೆ ಸೇರುತ್ತಾರೆ. ಆದ್ದರಿಂದ ಈ ಸಂಖ್ಯೆ ಅತಿ ಚೆನ್ನಾಗಿ ಕಾಣುವ ಕಾಲದಲ್ಲಿ ಹೆಚ್ಚು ಎಚ್ಚರ ಬೇಕು.

ಮೊದಲ ಅಳತೆಗೂ ಮಿತಿಯಿದೆ. ಫ್ಯೂಚರ್ಸ್ ವರದಿ ಒಂದು ವಿನಿಮಯ ಕೇಂದ್ರದ ವ್ಯವಹಾರವನ್ನಷ್ಟೇ ತೋರಿಸುತ್ತದೆ. ಯೆನ್ ಸಾಲದ ದೊಡ್ಡ ಪಾಲು ಒಂದು ಕರೆನ್ಸಿ ಕೊಟ್ಟು ಇನ್ನೊಂದನ್ನು ಪಡೆದು, ಮುಂದೆ ಗೊತ್ತಾದ ದರದಲ್ಲಿ ಮರಳಿ ಅದಲುಬದಲು ಮಾಡಿಕೊಳ್ಳುವ ಬ್ಯಾಂಕುಗಳ ನಡುವಿನ ಕರೆನ್ಸಿ ಸ್ವಾಪ್ ಒಪ್ಪಂದಗಳಲ್ಲಿ ಅಡಗಿರುತ್ತದೆ, ಮತ್ತು ಲೆಕ್ಕಪತ್ರದ ನಿಯಮದಂತೆ ಸ್ವಾಪ್‌ನ ಪೂರ್ಣ ಮೊತ್ತ ಆಸ್ತಿ-ಹೊಣೆ ಪಟ್ಟಿಯಲ್ಲಿ ಸಾಲವಾಗಿ ನಮೂದಾಗುವುದೇ ಇಲ್ಲ.