ಗೌಜಲಕ್ಕಿ ತತ್ತಿ ಇಡುವುದು ಬೆಳಕಿನ ಲೆಕ್ಕದ ಮೇಲೆ

ಗೌಜಲಕ್ಕಿ ಸಾಕಬೇಕು ಎಂದು ಬರುವವರು ಮೊದಲು ಕೇಳುವುದು ಒಂದೇ ಮಾತು. ಮಾಂಸದ ಮರಿ ಬೇರೆ, ತತ್ತಿ ಮರಿ ಬೇರೆ ಇರುತ್ತವಾ ಅಂತ. ಕೋಳಿಯಲ್ಲಿ ಬ್ರಾಯ್ಲರ್ ಬೇರೆ, ಲೇಯರ್ ಬೇರೆ. ಗೌಜಲಕ್ಕಿಯಲ್ಲಿ ಹೊಸಬರಿಗೆ ಸಾಮಾನ್ಯವಾಗಿ ಸಿಗುವುದು ಗಂಡು ಹೆಣ್ಣು ಬೆರೆತ ಒಂದೇ ಮರಿ. ಅದರಲ್ಲಿ ಯಾವುದು ಮಾಂಸಕ್ಕೆ, ಯಾವುದು ತತ್ತಿಗೆ ಅನ್ನುವುದನ್ನು ನಾವೇ ಮೂರನೇ ವಾರದಲ್ಲಿ ಬೇರೆ ಮಾಡುತ್ತೇವೆ. ಆಮೇಲೆ ಅವುಗಳ ದಾರಿ ಬೇರೆಯಾಗುವುದು ಮುಖ್ಯವಾಗಿ ಬೆಳಕಿನಿಂದ.

ಹೀಗೆ ಸಾಕುವುದು ಜಪಾನಿ ಗೌಜಲಕ್ಕಿ, ನಮ್ಮಲ್ಲಿ ಬಟೇರ್ ಎಂದು ಮಾರುವುದೂ ಈ ತಳಿಯನ್ನೇ. ಹೊಲದಲ್ಲಿ ಹಾರುವ ಕಾಡು ಗೌಜಲಕ್ಕಿಯನ್ನು ಹಿಡಿಯುವುದು ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಹಾಗಾಗಿ ಹ್ಯಾಚರಿಯಿಂದ ಮರಿ ತಂದ ರಸೀದಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ.

300 ಮರಿ ತಂದಿರಿ ಅಂದುಕೊಳ್ಳೋಣ. ಹುಟ್ಟಿದ ದಿನ ಒಂದೊಂದು 7ರಿಂದ 9 ಗ್ರಾಂ ತೂಗುತ್ತದೆ. ಇಷ್ಟು ಚಿಕ್ಕ ಜೀವಕ್ಕೆ ಕೋಳಿಮರಿಯ ನೀರಿನ ಬಟ್ಟಲೇ ಕೆರೆ. ಬಿದ್ದರೆ ಒದ್ದೆಯಾಗಿ ಸಾಯುತ್ತದೆ. ನೀರಿನ ಅಂಚಿನ ಸುತ್ತ ಗೋಲಿ ಅಥವಾ ಸಣ್ಣ ಬೆಣಚುಕಲ್ಲು ತುಂಬಿಸಿ, ಕೊಕ್ಕಷ್ಟೇ ಒಳಗೆ ಹೋಗುವ ಹಾಗೆ ಮಾಡಬೇಕು. ನೆಲಕ್ಕೆ ನುಣುಪಾದ ಪೇಪರ್ ಹಾಸಬೇಡಿ. ಕಾಲು ಜಾರಿ ಅಗಲವಾಗಿ ನಿಂತುಬಿಡುತ್ತವೆ. ಗೋಣಿತಟ್ಟು ಒಳ್ಳೆಯದು. ಮೊದಲ ವಾರ ಮರಿಗಳ ಮಟ್ಟದಲ್ಲಿ 37 ಡಿಗ್ರಿಯಷ್ಟು ಕಾವು ಬೇಕು, ಆಮೇಲೆ ವಾರಕ್ಕೆ 3 ಡಿಗ್ರಿಯಂತೆ ಇಳಿಸುತ್ತ ಹೋಗಿ. ಮೊದಲ ಎರಡು ವಾರ ಹಗಲು ರಾತ್ರಿ ಬೆಳಕು ಇರಲಿ. ಅವು ಆಗಾಗ ತಿನ್ನಬೇಕು, ಅಲ್ವಾ?

ಮೂರು ವಾರ ತುಂಬಿದಾಗ ಎದೆ ನೋಡಿ. ಎದೆಯ ಗರಿ ಇಟ್ಟಿಗೆಗೆಂಪಾಗಿ, ಚುಕ್ಕೆಯಿಲ್ಲದೆ ಇದ್ದರೆ ಗಂಡು. ತಿಳಿ ಬಣ್ಣದ ಮೇಲೆ ಕಪ್ಪು ಚುಕ್ಕೆ ಇದ್ದರೆ ಹೆಣ್ಣು. ಗಂಡುಗಳು ಮಾಂಸಕ್ಕೆ. ಅವಕ್ಕೆ ಇನ್ನು ಹಗಲಿನ ಬೆಳಕು ಸಾಕು, ರಾತ್ರಿ ಕತ್ತಲಿರಲಿ. ಬೆಳಕು ಜಾಸ್ತಿಯಾದರೆ ಬೇಗ ಪ್ರಾಯಕ್ಕೆ ಬಂದು, ಒಂದರ ಮೇಲೊಂದು ಏರಿ, ತಲೆ ಕುಕ್ಕಿ ಗಾಯ ಮಾಡಿಕೊಳ್ಳುತ್ತವೆ. ತಿಂದದ್ದು ಮೈಗೆ ಹತ್ತುವುದಿಲ್ಲ. ಐದು ವಾರಕ್ಕೆ ಹೆಚ್ಚುಕಡಿಮೆ ಅರ್ಧ ಕಿಲೋ ದಾಣಿ ತಿಂದು 180ರಿಂದ 200 ಗ್ರಾಂ ಆಗುತ್ತವೆ. ಅಲ್ಲಿಂದ ಮುಂದೆ ಅವನ್ನು ಇಟ್ಟುಕೊಂಡರೆ ದಾಣಿ ಖರ್ಚು ಮಾತ್ರ.

ತಿನ್ನುವ ತತ್ತಿಗೆ ಗಂಡು ಬೇಕಿಲ್ಲ. ಸುಮಾರು 140 ಹೆಣ್ಣು ಉಳಿದರೆ ಮೂರು ಅಂತಸ್ತಿನ ಗೂಡು ಸಾಕು. ಒಂದು ಅಂತಸ್ತು 6 ಅಡಿ ಉದ್ದ, 2 ಅಡಿ ಅಗಲ. ಅದನ್ನು ಐದು ಖಾನೆ ಮಾಡಿ, ಒಂದೊಂದು ಖಾನೆಯಲ್ಲಿ ಹತ್ತು ಹಕ್ಕಿ ಬಿಡಿ. ಒಂದು ಹಕ್ಕಿಗೆ 200 ಚದರ ಸೆಂಟಿಮೀಟರ್‌ಗಿಂತ ಸ್ವಲ್ಪ ಜಾಸ್ತಿ ಜಾಗ ಸಿಗುತ್ತದೆ. ಎತ್ತರ 10 ಇಂಚು ದಾಟಬಾರದು. ಬೆದರಿದ ಗೌಜಲಕ್ಕಿ ನೆಟ್ಟಗೆ ಮೇಲಕ್ಕೆ ಹಾರುತ್ತದೆ. ಗೂಡು ಎತ್ತರವಿದ್ದಷ್ಟೂ ವೇಗ ಹೆಚ್ಚಿ ತಲೆ ಒಡೆದುಕೊಳ್ಳುತ್ತದೆ. ಎತ್ತರ ಇದ್ದರೆ ಆರಾಮ ಎಂದುಕೊಂಡು ಒಂದೂವರೆ ಅಡಿ ಬಿಡುವವರೇ ಹೆಚ್ಚು. ನೆಲದ ಜಾಲರಿ ಅರ್ಧ ಇಂಚಿನದು, ತತ್ತಿ ಉರುಳಿ ಬರಲು ಮುಂದಕ್ಕೆ ಸ್ವಲ್ಪ ಇಳಿಜಾರು ಇರಲಿ.

ಈಗ ಈ ಹೆಣ್ಣುಗಳ ಬೆಳಕಿಗೆ ಬರೋಣ. ಹಗಲು ದೊಡ್ಡದಾಗುತ್ತಿದೆ ಅನ್ನುವ ಸುದ್ದಿ ಮಿದುಳಿಗೆ ಮುಟ್ಟಿದರೇನೇ ಈ ಹಕ್ಕಿಯ ಅಂಡಾಶಯ ಕೆಲಸ ಶುರು ಮಾಡುವುದು. ಆರನೇ ವಾರದಲ್ಲಿ ದಿನಕ್ಕೆ 13 ಗಂಟೆ ಬೆಳಕು ಕೊಡಿ. ವಾರಕ್ಕೊಂದು ಗಂಟೆ ಏರಿಸುತ್ತ ಒಂಬತ್ತನೇ ವಾರಕ್ಕೆ 16 ಗಂಟೆಗೆ ತಂದು ನಿಲ್ಲಿಸಿ. ಅಲ್ಲಿಂದ ಕಡಿಮೆ ಮಾಡಲೇಬಾರದು. ನಮ್ಮ ಭಾಗದಲ್ಲಿ ಜೂನ್‌ನಲ್ಲಿ ಹಗಲು 13 ಗಂಟೆ ಇದ್ದರೆ ಡಿಸೆಂಬರ್‌ನಲ್ಲಿ 11 ಗಂಟೆ. ಬಲ್ಬಿನಿಂದ ಈ ಕೊರತೆ ತುಂಬದಿದ್ದರೆ ಹಕ್ಕಿ ತತ್ತಿ ನಿಲ್ಲಿಸುತ್ತದೆ.

ಆಳಂದ ತಾಲೂಕಿನ ಒಬ್ಬ ಯುವಕನ ಗೂಡಿನಲ್ಲಿ ಆದದ್ದು ಇದೇ. ದೀಪಾವಳಿ ಕಳೆದ ಮೇಲೆ ತತ್ತಿ ಅರ್ಧಕ್ಕೆ ಇಳಿದಿತ್ತು. "ದಾಣಿ ಬದಲಿ ಮಾಡ್ದೆರಿ, ಟಾನಿಕ್ ಹಾಕ್ದೆರಿ, ಏನ್ ಮಾಡಿದ್ರೂ ತತ್ತಿ ಏರವಲ್ವು ಡಾಕ್ಟ್ರೇ" ಎಂದ. ಹಕ್ಕಿಗಳು ಚುರುಕಾಗಿದ್ದವು, ಹಿಕ್ಕೆ ಸರಿಯಿತ್ತು, ತತ್ತಿಯ ಗಾತ್ರವೂ ಸಿಪ್ಪೆಯೂ ಚೆನ್ನಾಗಿದ್ದವು. ಬಲ್ಬ್ ಯಾವಾಗ ಹಾಕ್ತೀಯಪ್ಪಾ ಎಂದು ಕೇಳಿದೆ. ಸಂಜೆ ಕರೆಂಟ್ ಇದ್ದ ದಿನ ಹಾಕುತ್ತಿದ್ದ, ಇಲ್ಲದ ದಿನ ಇಲ್ಲ. ಇದ್ದ ಒಂದೇ ಬಲ್ಬ್ ಗೂಡಿನ ನೆತ್ತಿಯ ಮೇಲಿತ್ತು. ಒಂದೊಂದು ಅಂತಸ್ತಿನ ತತ್ತಿ ಬೇರೆ ಬೇರೆ ಎಣಿಸಿದಾಗ ತೀರ ಕಡಿಮೆ ಬಂದದ್ದು ಕೆಳಗಿನ ಅಂತಸ್ತಿನಲ್ಲಿ. ಮೇಲಿನ ಹಿಕ್ಕೆ ತಟ್ಟೆ ಅದಕ್ಕೆ ಬೆಳಕು ಬೀಳಲು ಬಿಡುತ್ತಿರಲಿಲ್ಲ.

ಬಲ್ಬನ್ನು ಗೂಡಿನ ಮುಂದಿನ ಓಡಾಡುವ ಜಾಗಕ್ಕೆ ತಂದೆವು. ಕೆಳಗಿನ ದಾಣಿ ತೊಟ್ಟಿಯ ಹತ್ತಿರ ಪೇಪರ್ ಹಿಡಿದರೆ ಅಕ್ಷರ ಓದಲು ಬರಬೇಕು, ಅಷ್ಟು ಬೆಳಕು ಸಾಕು. ಟೈಮರ್ ಇಟ್ಟು ಬೆಳಿಗ್ಗೆ 5ರಿಂದ 7, ಸಂಜೆ 5.30ರಿಂದ ರಾತ್ರಿ 9ರವರೆಗೆ ಉರಿಯುವಂತೆ ಮಾಡಿದೆವು. ಕರೆಂಟ್ ಹೋದರೂ ಬೆಳಕು ತಪ್ಪದಿರಲೆಂದು ಬ್ಯಾಟರಿ ಇರುವ ಎಲ್‌ಇಡಿ ಬಲ್ಬೇ ಹಾಕಿಸಿದೆ. ಒಂದು ವಾರ ಏನೂ ಕಾಣಲಿಲ್ಲ. ಮೂರನೇ ವಾರಕ್ಕೆ ತತ್ತಿ ಹಳೆಯ ಮಟ್ಟಕ್ಕೆ ಬಂತು. ಈ ಕಾಯುವ ದಿನಗಳಲ್ಲೇ ಜನ ಧೈರ್ಯ ಕಳೆದುಕೊಂಡು ಮತ್ತೊಂದು ಔಷಧಿ ತರುತ್ತಾರೆ, ಹಾಗೆ ಮಾಡಬೇಡಿ.

ದಾಣಿಯಲ್ಲೂ ಒಂದು ತೊಡಕಿದೆ. ಅಂಗಡಿಯಲ್ಲಿ ಸಿಗುವ ಕೋಳಿ ಲೇಯರ್ ದಾಣಿಯಲ್ಲಿ ಪ್ರೋಟೀನ್ ಶೇ. 17ರ ಆಸುಪಾಸು. ತತ್ತಿ ಇಡುವ ಗೌಜಲಕ್ಕಿಗೆ ಶೇ. 20 ಬೇಕು. ಲೇಯರ್ ದಾಣಿಯ 9 ಕಿಲೋಗೆ 1 ಕಿಲೋ ಸೋಯಾ ಹಿಂಡಿ ಪುಡಿ ಬೆರೆಸಿದರೆ ಲೆಕ್ಕ ಹೆಚ್ಚುಕಡಿಮೆ ಸರಿಹೋಗುತ್ತದೆ. ಬೀದರ್ ಕಡೆ ಸೋಯಾ ಮನೆಯಲ್ಲೇ ಬೆಳೆದಿರುತ್ತದೆ, ಆದರೆ ಹಸಿ ಕಾಳು ಬೀಸಿ ಹಾಕಬೇಡಿ. ಹುರಿಯದ ಸೋಯಾದಲ್ಲಿ ಪ್ರೋಟೀನ್ ಅರಗದಂತೆ ತಡೆಯುವ ಅಂಶವಿದೆ. ತೊಗರಿ ಚುನ್ನಿ ಅಗ್ಗ ಎಂದು ಸೇರಿಸುವುದೂ ಬೇಡ, ಅದರ ನಾರು ದನಕ್ಕೆ ಸರಿ, ಈ ಹಕ್ಕಿಗಲ್ಲ. ಚಿಕ್ಕ ಮರಿಗಳಿಗಂತೂ ಶೇ. 27 ಪ್ರೋಟೀನ್ ಬೇಕು. ಬ್ರಾಯ್ಲರ್ ಪ್ರಿ-ಸ್ಟಾರ್ಟರ್ ಕೊಡುವುದಾದರೆ ರವೆಯಷ್ಟು ಸಣ್ಣಗೆ ಪುಡಿಮಾಡಿ ಕೊಡಿ. ಅದರಲ್ಲಿ ಪ್ರೋಟೀನ್ ಶೇ. 27ಕ್ಕಿಂತ ಕಡಿಮೆ ಇರುವುದರಿಂದ ಸೋಯಾ ಹಿಂಡಿ ಸೇರಿಸಬೇಕಾಗುತ್ತದೆ.

ದೊಡ್ಡ ಹಕ್ಕಿ ದಿನಕ್ಕೆ 25ರಿಂದ 30 ಗ್ರಾಂ ತಿನ್ನುತ್ತದೆ. 140ಕ್ಕೆ ಸುಮಾರು 4 ಕಿಲೋ. ಅದಕ್ಕಿಂತ ಜಾಸ್ತಿ ಖರ್ಚಾಗುತ್ತಿದ್ದರೆ ಅವು ಕೊಕ್ಕಿನಿಂದ ಚೆಲ್ಲುತ್ತಿವೆ ಎಂದರ್ಥ. ತೊಟ್ಟಿಯನ್ನು ಮೂರರಲ್ಲಿ ಒಂದು ಪಾಲಷ್ಟೇ ತುಂಬಿಸಿ.

ತತ್ತಿ ಇಳಿದಾಗ ತಪ್ಪು ಎಲ್ಲಿದೆ ಎಂದು ತತ್ತಿಯನ್ನೇ ನೋಡಿ ಹೇಳಬಹುದು. ಸಿಪ್ಪೆ ತೆಳ್ಳಗಾಗಿ ಒತ್ತಿದರೆ ಬಿರಿದರೆ ಸುಣ್ಣ ಕಡಿಮೆಯಾಗಿದೆ, ಸುಣ್ಣಕಲ್ಲಿನ ಪುಡಿ ಅಥವಾ ಚಿಪ್ಪಿನ ಪುಡಿ ಸೇರಿಸಿ. 10ರಿಂದ 12 ಗ್ರಾಂ ಇರಬೇಕಾದ ತತ್ತಿ ಚಿಕ್ಕದಾಗುತ್ತ ಬಂದರೆ ಪ್ರೋಟೀನ್ ಸಾಲದು. ಗಾತ್ರ, ಸಿಪ್ಪೆ ಎರಡೂ ಸರಿಯಿದ್ದು ಎಣಿಕೆ ಮಾತ್ರ ಇಳಿದರೆ ಮೊದಲು ಬಲ್ಬಿನ ಹತ್ತಿರ ಹೋಗಿ. ಬೇಸಿಗೆಯಲ್ಲಿ ಮಾತ್ರ ಈ ಲೆಕ್ಕ ತಪ್ಪುತ್ತದೆ. ಏಪ್ರಿಲ್, ಮೇನಲ್ಲಿ 40 ಡಿಗ್ರಿ ದಾಟಿದಾಗ ಹಕ್ಕಿ ತಿನ್ನುವುದನ್ನೇ ಬಿಡುತ್ತದೆ, ಮೂರೂ ಒಟ್ಟಿಗೆ ಇಳಿಯುತ್ತವೆ. ಆಗ ಬಿಸಿಲು ಬಡಿಯುವ ಕಡೆ ಒದ್ದೆ ಗೋಣಿ ಕಟ್ಟಿ, ದಾಣಿಯನ್ನು ಬೆಳಗಿನ ಜಾವ ಮತ್ತು ಹೊತ್ತು ಮುಳುಗಿದ ಮೇಲೆ ಹಾಕಿ. ಬಲ್ಬಿನ ಬೆಳಕಿದ್ದರೆ ಆ ತಂಪು ಹೊತ್ತಿನಲ್ಲೇ ತಿನ್ನುತ್ತವೆ.