ಐದೂ ಮುಕ್ಕಾಲಕ್ಕೆ ಸುಲಿದ ಮೊಟ್ಟೆ

ಮಾರ್ಚ್ ತಿಂಗಳ ಒಂದು ಶುಕ್ರವಾರ ಸಂಜೆ ತಾಯಿಯೊಬ್ಬರು ಮಯೋನೀಸ್ ಬಾಟಲಿಯನ್ನು ಪತ್ರಿಕೆಯ ಹಾಳೆಯಲ್ಲಿ ಸುತ್ತಿಕೊಂಡು ನನ್ನ ಬಳಿ ಬಂದರು. ಎರಡನೇ ತರಗತಿಯಲ್ಲಿ ಓದುವ ಅವರ ಮಗ ಹಿಂದಿನ ದಿನ ಡಬ್ಬಿಯ ಮೊಟ್ಟೆ-ಮಯೋನೀಸ್ ಸ್ಯಾಂಡ್‌ವಿಚ್ ತಿಂದು, ಶಾಲೆಯಿಂದ ಮರಳುವಾಗ ಬಸ್ಸಿನಲ್ಲಿಯೇ ನಾಲ್ಕು ಬಾರಿ ವಾಂತಿ ಮಾಡಿಕೊಂಡಿದ್ದ. ವೈದ್ಯರು ನೋಡಿ, ಓಆರ್‌ಎಸ್ ಕುಡಿಸಲು ಹೇಳಿ ಕಳುಹಿಸಿದ್ದರು. ರಾತ್ರಿಯ ಹೊತ್ತಿಗೆ ಹುಡುಗ ಚೇತರಿಸಿಕೊಂಡಿದ್ದ. ತಾಯಿ ಮಾತ್ರ ಚೇತರಿಸಿಕೊಂಡಿರಲಿಲ್ಲ. "ಮೇಡಂ, ತಾರೀಕು ನೋಡಿ, ಇನ್ನೂ ನಾಲ್ಕು ತಿಂಗಳು ಇದೆ. ಆದರೂ ಹೀಗೇಕೆ ಆಯಿತು?" ಎಂದು ಬಾಟಲಿಯನ್ನು ನನ್ನ ಮೇಜಿನ ಮೇಲಿಟ್ಟರು.

ಮಂಗಳೂರಿನಲ್ಲಿ ಆಹಾರ ಸಲಹೆಗಾರ್ತಿಯಾಗಿ ಕೆಲಸ ಮಾಡುವ ನನ್ನ ಮುಂದೆ ಪ್ರತಿ ಬೇಸಿಗೆಯಲ್ಲೂ ಇಂತಹ ಬಾಟಲಿಯೊಂದು ಬಂದು ಕೂರುತ್ತದೆ. ಎಲ್ಲರ ಅನುಮಾನವೂ ಅದರ ಮೇಲೆಯೇ. ಕಂಪನಿ ಯಾವುದು, ಮೊಟ್ಟೆ ಹಾಕಿದ್ದೋ ಹಾಕದ್ದೋ, ತೆರೆದು ಎಷ್ಟು ದಿನವಾಯಿತು ಎಂದೆಲ್ಲ ಕೇಳುತ್ತಾರೆ. ಮೊಟ್ಟೆಯನ್ನು ಎಷ್ಟು ಗಂಟೆಗೆ ಸುಲಿದೆ, ಮಗು ಎಷ್ಟು ಗಂಟೆಗೆ ತಿಂದಿತು ಎಂಬ ಲೆಕ್ಕವನ್ನು ನಾನಾಗಿ ಕೇಳುವವರೆಗೆ ಯಾರೂ ಹೇಳುವುದಿಲ್ಲ. ನನಗೆ ಬೇಕಿರುವುದು ಆ ಲೆಕ್ಕ.

ಅಂಗಡಿಯ ಮಯೋನೀಸ್‌ನಲ್ಲಿ ವಿನೆಗರ್ ಇರುತ್ತದೆ. ಅದರ ಹುಳಿಯಲ್ಲಿ ರೋಗಾಣುಗಳು ಬೆಳೆಯಲಾರವು. ಹಾಗಾಗಿ ಶುಚಿಯಾದ ಒಣ ಚಮಚದಿಂದ ತೆಗೆದು, ಮುಚ್ಚಿ ಫ್ರಿಜ್‌ನಲ್ಲಿಟ್ಟ ಬಾಟಲಿ ಅಪರಾಧಿಯಾಗುವುದು ಅಪರೂಪ. ಆದರೆ ಇದೇ ಮಾತನ್ನು ಕೇಳಿದವರು ಮರುದಿನ ಇನ್ನೊಂದು ತಪ್ಪು ಮಾಡುತ್ತಾರೆ: ಹುಳಿ ಇದೆಯಲ್ಲ, ಹಾಗಾದರೆ ಮೊಟ್ಟೆಯ ಮಿಶ್ರಣವನ್ನೂ ಅದೇ ಕಾಪಾಡುತ್ತದೆ ಎಂದುಕೊಳ್ಳುತ್ತಾರೆ. ಅವರಿಗೆ ನಾನು ಉಪ್ಪಿನಕಾಯಿಯ ಉದಾಹರಣೆ ಕೊಡುತ್ತೇನೆ. ಭರಣಿಯಲ್ಲಿನ ಮಾವಿನ ಮಿಡಿ ವರ್ಷವಿಡೀ ಇರುತ್ತದೆ. ಅದರ ಒಂದು ಹೋಳನ್ನು ಅನ್ನಕ್ಕೆ ಕಲಸಿಟ್ಟರೆ ಆ ಅನ್ನ ವರ್ಷವಿಡೀ ಇರುತ್ತದೆಯೇ? ಭರಣಿಯ ಉಪ್ಪು, ಹುಳಿ ಅನ್ನದಲ್ಲಿ ಹಂಚಿ ತೆಳುವಾಗಿಬಿಡುತ್ತದೆ. ಮೊಟ್ಟೆಯಲ್ಲಿ ನಡೆಯುವುದು ಇದಕ್ಕಿಂತ ಒಂದು ಹೆಜ್ಜೆ ಮುಂದೆ. ಎರಡು ಮೊಟ್ಟೆಗೆ ನಾವು ಹಾಕುವುದು ಒಂದೂವರೆ ದೊಡ್ಡ ಚಮಚ ಮಯೋನೀಸ್. ಮೊಟ್ಟೆಯ ಬಿಳಿಭಾಗವೋ ಕ್ಷಾರ ಗುಣದ್ದು. ನಾವು ತಿನ್ನುವ ಪದಾರ್ಥಗಳಲ್ಲಿ ಕ್ಷಾರದ್ದು ತೀರ ಕಡಿಮೆ, ಅಂತಹವುಗಳಲ್ಲಿ ಇದೂ ಒಂದು. ಅದು ವಿನೆಗರ್‌ನ ಹುಳಿಯನ್ನು ನುಂಗಿಬಿಡುತ್ತದೆ. ಕಲಸಿದ ಮೇಲೆ ಉಳಿಯುವುದು ಹುಳಿಯಿಲ್ಲದ, ತೇವ ತುಂಬಿದ, ಪ್ರೋಟೀನ್ ತುಂಬಿದ ಮೃದುವಾದ ಮುದ್ದೆ. ರೋಗಾಣುವಿಗೆ ಅದಕ್ಕಿಂತ ಒಳ್ಳೆಯ ಊಟ ಬೇರೆ ಬೇಕಿಲ್ಲ.

ಇನ್ನೊಂದು ಪ್ರಶ್ನೆಯನ್ನು ಅಜ್ಜಿಯರು ಕೇಳುತ್ತಾರೆ, ಮತ್ತು ಅದು ಒಳ್ಳೆಯ ಪ್ರಶ್ನೆ. ಹಸಿ ಮೊಟ್ಟೆ ಅಂಗಡಿಯ ತಟ್ಟೆಯಲ್ಲಿ ದಿನಗಟ್ಟಲೆ ಹೊರಗೇ ಇರುತ್ತದೆ, ಬೇಯಿಸಿದ್ದು ಅರ್ಧ ದಿನವೂ ಏಕೆ ಇರಬಾರದು? ಬೇಯಿಸಿದರೆ ಕ್ರಿಮಿ ಸಾಯಬೇಕಲ್ಲ? ಸಾಯುತ್ತದೆ, ನಿಜ. ಆದರೆ ಹಸಿ ಬಿಳಿಭಾಗದಲ್ಲಿ ಬ್ಯಾಕ್ಟೀರಿಯಾಗಳನ್ನು ತಡೆಯುವ ಪ್ರೋಟೀನ್‌ಗಳಿವೆ. ಒಳಗೆ ಬೆಳೆಯಬೇಕಾದ ಮರಿಯ ಕಾವಲಿಗೆಂದು ಕೋಳಿ ಕೊಟ್ಟದ್ದು ಅದು. ಕುದಿಯುವ ನೀರಿನಲ್ಲಿ ಆ ಕಾವಲು ಬಹುಪಾಲು ನಾಶವಾಗುತ್ತದೆ. ಸಿಪ್ಪೆಯ ಮೇಲಿನ ರಕ್ಷಣೆಯ ತೆಳು ಪೊರೆಯೂ ತೊಳೆದುಹೋಗುತ್ತದೆ. ಸುಲಿದ ಕ್ಷಣದಿಂದ ಆ ಮೊಟ್ಟೆಗೆ ಯಾವ ರಕ್ಷಣೆಯೂ ಇಲ್ಲ. ಅದರ ಮೇಲೆ ಮುಂದೆ ಬೀಳುವುದೆಲ್ಲ ನಮ್ಮ ಕೈಯಿಂದ, ಚಾಕುವಿನಿಂದ, ಮಣೆಯಿಂದ ಬಂದದ್ದು.

ಆ ತಾಯಿಯ ಬೆಳಗನ್ನು ನಾವಿಬ್ಬರೂ ಕಾಗದದ ಮೇಲೆ ಬರೆದೆವು. ಐದೂವರೆಗೆ ಮೂರು ಮೊಟ್ಟೆ ಬೇಯಲಿಟ್ಟರು. ಐದೂ ಮುಕ್ಕಾಲಕ್ಕೆ ನಲ್ಲಿಯ ಕೆಳಗೆ ಒಂದು ನಿಮಿಷ ಹಿಡಿದು, ಬಿಸಿ ಇರುವಾಗಲೇ ಸುಲಿದರು. ಹಿಂದಿನ ದಿನ ತೆಂಗಿನಕಾಯಿ ತುರಿಯುವಾಗ ಬೆರಳು ಕೊಯ್ದಿತ್ತು, ಅದಕ್ಕೆ ಪಟ್ಟಿ ಸುತ್ತಿದ್ದರು. ಅದೇ ಕೈಯಲ್ಲಿ ಮೊಟ್ಟೆ ಹಿಸುಕಿದರು, ಮಯೋನೀಸ್ ಕಲಸಿದರು, ಮೆಣಸಿನ ಪುಡಿ ಉದುರಿಸಿದರು. ಆರೂ ಇಪ್ಪತ್ತಕ್ಕೆ ಸ್ಯಾಂಡ್‌ವಿಚ್ ಡಬ್ಬಿಯೊಳಗೆ, ಡಬ್ಬಿ ದಪ್ಪ ಪದರದ ಊಟದ ಚೀಲದೊಳಗೆ. ಏಳೂವರೆಗೆ ಬಸ್ಸು. ಹನ್ನೆರಡೂವರೆಗೆ ಊಟ. ಎರಡೂವರೆಗೆ ವಾಂತಿ.

ಆ ಸ್ಯಾಂಡ್‌ವಿಚ್‌ನ ಚೂರನ್ನು ಯಾರೂ ಪ್ರಯೋಗಾಲಯಕ್ಕೆ ಕಳುಹಿಸಲಿಲ್ಲ, ಆದ್ದರಿಂದ ಇದೇ ಕಾರಣ ಎಂದು ನಾನು ಖಚಿತವಾಗಿ ಹೇಳಲಾರೆ. ಮಕ್ಕಳ ವಾಂತಿಗೆ ವೈರಸ್ ಸಹ ಕಾರಣವಿರಬಹುದು. ಆದರೆ ತಿಂದ ಎರಡು ಗಂಟೆಗೆ ಜೋರು ವಾಂತಿ, ಒಂದು ದಿನದೊಳಗೆ ಶಮನ ಎಂಬುದು ಸ್ಟೆಫೈಲೊಕಾಕಸ್ ವಿಷಕ್ಕೆ ಚೆನ್ನಾಗಿ ಹೊಂದುತ್ತದೆ. ಈ ಬ್ಯಾಕ್ಟೀರಿಯಾ ಎಷ್ಟೋ ಆರೋಗ್ಯವಂತರ ಮೂಗಿನಲ್ಲಿ, ಚರ್ಮದ ಮೇಲೆ ವಾಸಿಸುತ್ತದೆ. ಕೊಯ್ದ ಗಾಯದಲ್ಲಂತೂ ಹೆಚ್ಚು. ಅದು ಆಹಾರದಲ್ಲಿ ಬೆಳೆಯುತ್ತ ವಿಷವನ್ನು ಬಿಡುತ್ತದೆ. ವಾಸನೆ ಬದಲಾಗುವುದಿಲ್ಲ, ರುಚಿ ಬದಲಾಗುವುದಿಲ್ಲ. ಮೂಸಿ ನೋಡಿಯೇ ಕಳುಹಿಸಿದೆ ಎನ್ನುವ ತಾಯಂದಿರು ಸುಳ್ಳು ಹೇಳುತ್ತಿಲ್ಲ, ಮೂಗಿಗೆ ಅದು ಸಿಗುವುದೇ ಇಲ್ಲ. ಬಿಸಿ ಮಾಡಿದರೆ ಬ್ಯಾಕ್ಟೀರಿಯಾ ಸಾಯುತ್ತದೆ, ಆದರೆ ವಿಷ ಉಳಿಯುತ್ತದೆ. ಸಂಜೆ ವಾಪಸು ಬಂದ ಸ್ಯಾಂಡ್‌ವಿಚ್ಚನ್ನು ಕಾವಲಿಯ ಮೇಲೆ ಹುರಿದು ತಮ್ಮನಿಗೆ ಕೊಡುವವರು ಇದನ್ನು ದಯವಿಟ್ಟು ಎರಡು ಸಲ ಓದಬೇಕು.

ಈಗ ಗಡಿಯಾರದ ಮಾತು. ಅಮೆರಿಕದ ಕೃಷಿ ಇಲಾಖೆ ಹೇಳುವ ನಿಯಮವನ್ನೇ ನಾನೂ ಹೇಳುತ್ತೇನೆ: 4 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್‌ವರೆಗಿನ ಉಷ್ಣತೆಯಲ್ಲಿ ಇಂತಹ ಆಹಾರ ಒಟ್ಟು ಎರಡು ಗಂಟೆಗಿಂತ ಹೆಚ್ಚು ಇರಬಾರದು. ಸುತ್ತಲಿನ ಉಷ್ಣತೆ 32 ಡಿಗ್ರಿ ದಾಟಿದರೆ ಒಂದೇ ಗಂಟೆ. ಮಾರ್ಚ್‌ನಿಂದ ಮೇ ತನಕ ನಮ್ಮ ಕರಾವಳಿಯ ಮಧ್ಯಾಹ್ನಗಳು ಆ ಗೆರೆಯ ಆಚೆಗೇ ಇರುತ್ತವೆ, ರಾಯಚೂರು, ಕಲಬುರಗಿಯ ಮಾತು ಬೇಡವೇ ಬೇಡ. ಅರವತ್ತೊಂದನೇ ನಿಮಿಷಕ್ಕೆ ಊಟ ವಿಷವಾಗುತ್ತದೆ ಎಂದು ಇದರ ಅರ್ಥವಲ್ಲ. ಎಷ್ಟೋ ಮಕ್ಕಳು ಆರು ಗಂಟೆಯ ಹಳೆಯ ಸ್ಯಾಂಡ್‌ವಿಚ್ ತಿಂದು ಏನೂ ಆಗದೆ ಆಟಕ್ಕೆ ಓಡುತ್ತಾರೆ. ಅನುಕೂಲ ಉಷ್ಣತೆಯಲ್ಲಿ ಬ್ಯಾಕ್ಟೀರಿಯಾ ಸುಮಾರು ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲದು. ನಿಯಮ ಇರುವುದು ಆ ಏರಿಕೆ ಕೈಮೀರುವ ಮೊದಲೇ ನಿಲ್ಲಲು.

ಒಟ್ಟು ಎಂಬ ಮಾತನ್ನು ನಾನು ಎಷ್ಟು ಹೇಳಿದರೂ ಸಾಲುವುದಿಲ್ಲ. ಬಸ್ಸು ಹತ್ತಿದಾಗ ಗಡಿಯಾರ ಶುರುವಾಗುವುದಲ್ಲ. ಮೊಟ್ಟೆ ಸುಲಿದು ಅಡುಗೆ ಕಟ್ಟೆಯ ಮೇಲೆ ಇಟ್ಟ ಇಪ್ಪತ್ತು ನಿಮಿಷವೂ ಸೇರುತ್ತದೆ, ಡಬ್ಬಿ ಮೇಜಿನ ಮೇಲೆ ಕಾಯುತ್ತ ಕುಳಿತ ಮುಕ್ಕಾಲು ಗಂಟೆಯೂ ಸೇರುತ್ತದೆ. ಆ ಹುಡುಗನ ಲೆಕ್ಕ ಆರೂ ಮುಕ್ಕಾಲು ಗಂಟೆ.

"ಚೀಲ ಒಳ್ಳೆಯದು ಮೇಡಂ, ಉಷ್ಣ ಒಳಗೆ ಹೋಗುವುದಿಲ್ಲ" ಎಂದರು ತಾಯಿ. ನನಗೆ ಬೇಸರ ತರುವ ನಂಬಿಕೆ ಇದು. ಚೀಲ ತಾನಾಗಿ ಏನನ್ನೂ ತಣ್ಣಗೆ ಮಾಡುವುದಿಲ್ಲ. ಒಳಗಿಟ್ಟದ್ದು ಹೇಗಿದೆಯೋ ಹಾಗೆ ಇರಿಸಲು ಹೆಣಗುತ್ತದೆ. ಬೆಚ್ಚಗಿನ ಮೊಟ್ಟೆ ಇಟ್ಟರೆ ಆ ಬೆಚ್ಚಗಿನ ಕಾವನ್ನೇ ಜೋಪಾನ ಮಾಡುತ್ತದೆ, ಕಾವು ಕೂತ ಕೋಳಿಯ ಹಾಗೆ. ಒಮ್ಮೆ ಏಪ್ರಿಲ್‌ನಲ್ಲಿ ನನ್ನ ಅಡುಗೆಮನೆಯಲ್ಲಿಯೇ ಪರೀಕ್ಷಿಸಿದ್ದೇನೆ. ಫ್ರಿಜ್‌ನಿಂದ ತೆಗೆದ ಮಿಶ್ರಣದ ಒಂದೇ ಬಗೆಯ ಎರಡು ಡಬ್ಬಿಗಳನ್ನು ಎರಡು ಚೀಲಗಳಲ್ಲಿಟ್ಟು, ಒಂದಕ್ಕೆ ಮಾತ್ರ ಹೆಪ್ಪುಗಟ್ಟಿದ ಐಸ್ ಪ್ಯಾಕ್ ಕೊಟ್ಟು, ಆಹಾರಕ್ಕೆ ಚುಚ್ಚುವ ಥರ್ಮಾಮೀಟರ್‌ನಿಂದ ಅಳೆದೆ. ಪ್ಯಾಕ್ ಇಲ್ಲದ ಡಬ್ಬಿ ಎರಡೂವರೆ ಗಂಟೆಯ ಹೊತ್ತಿಗೆ ಹೆಚ್ಚುಕಡಿಮೆ ಕೋಣೆಯ ಬಿಸಿಗೇ ಬಂದಿತ್ತು. ಪ್ಯಾಕ್ ಇದ್ದ ಡಬ್ಬಿ ಊಟದ ಹೊತ್ತಿಗೂ ಮುಟ್ಟಿದರೆ ಚಳಿ ಹತ್ತುವಂತಿತ್ತು.

ಆದ್ದರಿಂದ ಬೇಸಿಗೆಯಲ್ಲಿ ಮೊಟ್ಟೆ ಸ್ಯಾಂಡ್‌ವಿಚ್ ಕಳುಹಿಸಲೇಬೇಕಿದ್ದರೆ ಕೆಲಸವನ್ನು ಹಿಂದಿನ ರಾತ್ರಿಗೆ ತಳ್ಳಿ. ಹಳದಿ ಗಟ್ಟಿಯಾಗುವವರೆಗೆ ಹತ್ತರಿಂದ ಹನ್ನೆರಡು ನಿಮಿಷ ಬೇಯಿಸಿ, ನೀರನ್ನು ಎರಡು ಮೂರು ಸಲ ಬದಲಿಸಿ ಪೂರ್ತಿ ತಣಿಸಿ. ಕೈಗೆ ಸೋಪು ಹಾಕಿ ತೊಳೆದು ಸುಲಿಯಿರಿ, ಗಾಯವಿದ್ದರೆ ಮನೆಯ ಇನ್ನೊಬ್ಬರಿಗೆ ಬಿಡಿ. ಹಿಸುಕುವ ಕೆಲಸ ಫೋರ್ಕ್‌ಗೆ ಇರಲಿ, ಬೆರಳಿಗೆ ಬೇಡ. ಹಸಿ ಈರುಳ್ಳಿ, ಕೊತ್ತಂಬರಿ ನೀರನ್ನೂ ಕ್ರಿಮಿಯನ್ನೂ ತರುತ್ತವೆ, ಡಬ್ಬಿಯ ಊಟಕ್ಕೆ ಮೆಣಸಿನ ಪುಡಿ ಸಾಕು. ಕಲಸಿದ್ದನ್ನು ಅಗಲವಾದ, ಆಳವಿಲ್ಲದ ಸ್ಟೀಲ್ ಡಬ್ಬಿಯಲ್ಲಿ ಹರಡಿ ಫ್ರಿಜ್‌ನ ಒಳಗಿನ ಹಲಗೆಯ ಮೇಲಿಡಿ, ಬಾಗಿಲಿನಲ್ಲಿ ಬೇಡ. ಹಾಗಿಟ್ಟರೆ ಮೂರು ದಿನ ಚೆನ್ನಾಗಿರುತ್ತದೆ. ಫ್ರೀಜರ್‌ನಲ್ಲಿ ಇಡಬೇಡಿ, ಬಿಳಿಭಾಗ ರಬ್ಬರಿನಂತಾಗಿ ಮಯೋನೀಸ್ ಒಡೆಯುತ್ತದೆ. ಬೆಳಿಗ್ಗೆ ಮಗು ಶೂ ಹಾಕುವಾಗ, ಎಲ್ಲದರ ಕೊನೆಗೆ, ಬ್ರೆಡ್ಡಿಗೆ ಸವರಿ. ರಾತ್ರಿಯಿಡೀ ಫ್ರೀಜರ್‌ನಲ್ಲಿದ್ದ ಎರಡು ಐಸ್ ಪ್ಯಾಕ್‌ಗಳಲ್ಲಿ ಒಂದು ಡಬ್ಬಿಯ ಕೆಳಗೆ, ಒಂದು ಮೇಲೆ. ಪ್ಯಾಕ್ ಇಲ್ಲದಿದ್ದರೆ ಮುಕ್ಕಾಲು ತುಂಬಿ ಹೆಪ್ಪುಗಟ್ಟಿಸಿದ ಚಿಕ್ಕ ನೀರಿನ ಬಾಟಲಿಗಳೂ ಆಗುತ್ತವೆ.

ಇಷ್ಟು ಸಾಧ್ಯವಿಲ್ಲದ ದಿನ ಚಪಾತಿ, ಚಟ್ನಿಪುಡಿ ಕಳುಹಿಸಿ, ಮೊಟ್ಟೆಯನ್ನು ಬೆಳಗಿನ ತಿಂಡಿಗೇ ತಿನ್ನಿಸಿ. ಮನೆಯಲ್ಲಿ ಹಸಿ ಮೊಟ್ಟೆಯಿಂದ ಮಾಡಿದ ಮಯೋನೀಸನ್ನಂತೂ ಮಕ್ಕಳ ಡಬ್ಬಿಗೆ ಯಾವ ಕಾಲದಲ್ಲೂ ಹಾಕಬೇಡಿ. ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾದ ಭಯದಿಂದ ಕೇರಳ 2023ರಲ್ಲಿ, ತೆಲಂಗಾಣ 2024ರಲ್ಲಿ, ತಮಿಳುನಾಡು 2025ರಲ್ಲಿ ಹಸಿ ಮೊಟ್ಟೆಯ ಮಯೋನೀಸನ್ನು ನಿಷೇಧಿಸಿದವು.

ಆ ಹುಡುಗನಿಗೆ ನಾನು ಒಂದೇ ಒಂದು ವಿಷಯ ಕಲಿಸಿದ್ದೆ. ಊಟದ ಗಂಟೆ ಹೊಡೆದಾಗ ಮೊದಲು ಐಸ್ ಪ್ಯಾಕ್ ಒತ್ತಿ ನೋಡಬೇಕು. ಒಳಗೆ ಗಟ್ಟಿ ಸಿಕ್ಕಿದರೆ ತಿನ್ನಬಹುದು, ಪೂರ್ತಿ ನೀರಾಗಿದ್ದರೆ ಮುಚ್ಚಿಡಬೇಕು. ಜೂನ್‌ನಲ್ಲಿ ಶಾಲೆ ಶುರುವಾದ ವಾರದಲ್ಲಿ, ಮಳೆ ಇನ್ನೂ ಹಿಡಿಯದ ಸೆಕೆಯಲ್ಲಿ, ತಾಯಿ ಫೋನ್ ಮಾಡಿದರು. ಧ್ವನಿಯಲ್ಲಿ ದೂರು ಇತ್ತು. "ಡಬ್ಬಿ ಹಾಗೆಯೇ ವಾಪಸು ಬಂತು ಮೇಡಂ. ಎರಡು ಮೊಟ್ಟೆ ದಂಡ. ಐಸ್ ಮೆತ್ತಗಾಗಿತ್ತು ಅಂತೆ, ಬಾಳೆಹಣ್ಣು ಮಾತ್ರ ತಿಂದನಂತೆ." ಫ್ರೀಜರ್ ಬಾಗಿಲು ರಾತ್ರಿ ಸರಿಯಾಗಿ ಮುಚ್ಚಿರಲಿಲ್ಲವಂತೆ. ಹುಡುಗನಿಗೆ ಫೋನ್ ಕೊಡಿ ಎಂದೆ. ಅವನು, "ಆಂಟಿ, ಒತ್ತಿ ನೋಡಿದೆ" ಎಂದ.